ನಮ್ಮ ಟೆರೇಸಿನ ತರಕಾರಿ ತೋಟ: ನಿಯಮಗಳ ಪತ್ರಕ್ಕೆ ಬಂದ ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಾ 24 ಮನೆಯವರಿಗೂ ನಮಸ್ಕಾರ. ಟೆರೇಸಿನಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯೋಣ, ಆದರೆ ಈ ಸಲ ನಿಯಮ ಮಾಡಿಕೊಂಡೇ ಶುರು ಮಾಡೋಣ ಅಂತ ಹೋದ ವಾರ ಒಂದು ಪತ್ರ ಬರೆದು ಮನೆಮನೆಗೂ ಕೊಟ್ಟಿದ್ದೆ. ಅವತ್ತಿನಿಂದ ಲಿಫ್ಟಿನಲ್ಲಿ, ಪಾರ್ಕಿಂಗಿನಲ್ಲಿ, ಹಾಲು ತರಲು ಹೋದಾಗ, ಎಲ್ಲಾ ಕಡೆ ಪ್ರಶ್ನೆಗಳೇ. ಒಬ್ಬೊಬ್ಬರಿಗೆ ಒಂದೊಂದು ಥರ ಉತ್ತರ ಕೊಟ್ಟು ಕೊನೆಗೆ ನಾನೇ ಗೊಂದಲ ಮಾಡಬಾರದು ಅಂತ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಪತ್ರದಲ್ಲಿ ಏನಿದೆ? ಚಿಕ್ಕದಾಗಿ ಹೇಳಿ.

ಸೇರಲು ಒಪ್ಪಿರುವ ಮನೆಗಳು 12. ಇಡುವುದು 48 ಗ್ರೋ ಬ್ಯಾಗು, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಯಾವ ಬ್ಯಾಗೂ ಯಾರ ಸ್ವಂತದ್ದೂ ಅಲ್ಲ. ನೀರು ಹಾಕುವುದು ಸರದಿಯ ಮೇಲೆ, ಕೊಯ್ಯುವುದು ಭಾನುವಾರ ಬೆಳಿಗ್ಗೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ನಿಯಮ. ನಾಲ್ಕನೇ ಮಹಡಿಯ ಆರು ಮನೆಗಳಲ್ಲಿ ಯಾವುದೇ ಒಂದು ಮನೆ "ನಮ್ಮ ಸೀಲಿಂಗಿನಲ್ಲಿ ತೇವ ಕಾಣಿಸ್ತಿದೆ" ಅಂದರೆ, ಆ ಮನೆಯ ಮೇಲಿರುವ ಬ್ಯಾಗುಗಳನ್ನು ಅವತ್ತೇ ತೆಗೆಯಬೇಕು. ಚರ್ಚೆ ಆಮೇಲೆ.

ಆ ಕೊನೆಯ ನಿಯಮ ಜಾಸ್ತಿ ಆಯಿತಲ್ವಾ? ಒಂದೇ ಮನೆಗೆ ಅಷ್ಟು ಅಧಿಕಾರವಾ?

ಇದು ಎಲ್ಲರೂ ಕೇಳಿದ ಪ್ರಶ್ನೆ. ನಾನಿರುವುದು ಎರಡನೇ ಮಹಡಿಯಲ್ಲಿ. ಟೆರೇಸ್ ಸೋರಿದರೆ ನನ್ನ ಮನೆಗೆ ಏನೂ ಆಗುವುದಿಲ್ಲ. ಸೊಪ್ಪು ನನಗೂ ಬರುತ್ತದೆ, ನೀರು ಮಾತ್ರ ಅವರ ಮನೆಗೆ ಇಳಿಯುತ್ತದೆ. ಹಾಗಿರುವಾಗ ಇದನ್ನು ಕೈ ಎತ್ತಿಸಿ ತೀರ್ಮಾನ ಮಾಡುವುದು ನ್ಯಾಯ ಅಂತ ನನಗೆ ಅನ್ನಿಸಲಿಲ್ಲ. ಹೋದ ವರ್ಷ ಆಗಿದ್ದೂ ಅದೇ. ತೇವ ಕಂಡಿದೆ ಅಂತ ಮೇಲಿನ ಮನೆಯವರು ಹೇಳಿದರು. ನಾವು ಕೆಳಗಿನವರು ಮೂರು ವಾರ "ನೋಡೋಣ" ಅಂದೆವು. ಅಷ್ಟರಲ್ಲಿ ಅವರ ಬೆಡ್‌ರೂಮಿನ ಮೂಲೆಯಲ್ಲಿ ಪೇಂಟ್ ಉಬ್ಬಿ ಉದುರಿತ್ತು.

ಬ್ಯಾಗುಗಳಲ್ಲಿ ಬೆಳೆಯುವುದರಿಂದ ತೆಗೆಯುವುದು ಕಷ್ಟವೂ ಅಲ್ಲ. ಇಬ್ಬರು ಸೇರಿದರೆ ಎಂಟು ಬ್ಯಾಗು ಜರುಗಿಸಲು ಅರ್ಧ ಗಂಟೆ ಸಾಕು. ತೇವಕ್ಕೆ ಕಾರಣ ಬೇರೆಯೇ ಅಂತ ಆಮೇಲೆ ಗೊತ್ತಾದರೆ ಅವು ಮತ್ತೆ ಅದೇ ಜಾಗಕ್ಕೆ ಬರುತ್ತವೆ.

ಹೋದ ವರ್ಷ ನಿಜವಾಗಿ ಆಗಿದ್ದೇನು?

ಆಗ ನಮ್ಮಲ್ಲೇ ಕೆಲವರು, ನಾನೂ ಸೇರಿದಂತೆ, ಪ್ಯಾರಪೆಟ್ ಗೋಡೆಗೆ ಒತ್ತಿಕೊಂಡಂತೆ ಇಟ್ಟಿಗೆ ಜೋಡಿಸಿ ಒಂದು ಮಡಿ ಕಟ್ಟಿದೆವು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಅಡಿ ಎತ್ತರ. ಒಳಗೆ ಬರೀ ಕೆಂಪು ಮಣ್ಣು. ಮೆಂತ್ಯ, ದಂಟು ಚೆನ್ನಾಗಿಯೇ ಬಂತು. ತಪ್ಪಾಗಿದ್ದು ಎರಡು ಕಡೆ.

ಮೊದಲನೆಯದು ನೀರು. ಮಡಿ ನೇರವಾಗಿ ನೆಲದ ಮೇಲೆ ಕೂತಿತ್ತು. ಅದರ ಅಡಿಯ ಜಾಗ ಒಂದು ದಿನವೂ ಒಣಗಲಿಲ್ಲ. ಗೋಡೆ ಮತ್ತು ನೆಲ ಕೂಡುವ ಮೂಲೆಯೇ ಟೆರೇಸಿನಲ್ಲಿ ಅತಿ ದುರ್ಬಲವಾದ ಜಾಗ, ಸಣ್ಣ ಬಿರುಕು ಮೊದಲು ಬರುವುದು ಅಲ್ಲೇ. ಅದನ್ನೇ ನಾವು ಒದ್ದೆ ಮಣ್ಣಿನಿಂದ ಮುಚ್ಚಿಟ್ಟಿದ್ದೆವು. ಅಕ್ಟೋಬರ್ ಮಳೆಗೆ ಮಣ್ಣೆಲ್ಲಾ ಕೊಚ್ಚಿಕೊಂಡು ಹೋಗಿ ನೀರು ಇಳಿಯುವ ಪೈಪಿನ ಜಾಲರಿಯನ್ನು ಕಟ್ಟಿಬಿಟ್ಟಿತು. ರಾತ್ರಿಯೆಲ್ಲಾ ನೀರು ನಿಂತಿತು.

ಎರಡನೆಯದು ತೂಕ. ಇದು ನಮಗೆ ಆಗ ಹೊಳೆಯಲೇ ಇಲ್ಲ. ಅದಕ್ಕೆ ಒಂದು ಪ್ರಶ್ನೆಯನ್ನೇ ಮೀಸಲಿಡುತ್ತೇನೆ.

48 ಬ್ಯಾಗನ್ನು ಟೆರೇಸ್ ತಡೆದುಕೊಳ್ಳುತ್ತದಾ?

ಜನ ಓಡಾಡುವ ಟೆರೇಸ್ ಹೊರಬೇಕಾದ ಭಾರಕ್ಕೆ ನಮ್ಮ ದೇಶದಲ್ಲಿ ಒಂದು ಮಾನದಂಡ ಇದೆ, ಐಎಸ್ 875ರ ಎರಡನೇ ಭಾಗ. ಅದರ ಪ್ರಕಾರ ಒಂದು ಚದರ ಮೀಟರಿಗೆ ಸುಮಾರು 150 ಕೆಜಿ. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಚದರಡಿಗೆ 14 ಕೆಜಿ. ಟೆರೇಸಿನ ಮೇಲೆ ಬರುವ ಜನ, ಸಾಮಾನು ಎಲ್ಲಾ ಸೇರಿ ಅಷ್ಟು.

ಈಗ ನಮ್ಮ ಹಳೆಯ ಮಡಿಯನ್ನು ನೋಡಿ. ಒಂದು ಅಡಿ ಎತ್ತರ ತುಂಬಿದರೆ ಪ್ರತಿ ಚದರಡಿಯ ಮೇಲೂ 28 ಲೀಟರ್ ಮಣ್ಣು ಕೂರುತ್ತದೆ. ಒದ್ದೆ ಕೆಂಪು ಮಣ್ಣು ಲೀಟರಿಗೆ ಸುಮಾರು 1.7 ಕೆಜಿ ತೂಗುತ್ತದೆ. ಅಂದರೆ ಚದರಡಿಗೆ 48 ಕೆಜಿ ಹತ್ತಿರ. ತಡೆಯಬೇಕಾದ್ದು 14, ನಾವು ಹೊರಿಸಿದ್ದು ಅದರ ಮೂರರಷ್ಟಕ್ಕಿಂತ ಜಾಸ್ತಿ. ಇಡೀ ಮಡಿಯ ತೂಕ ಹತ್ತಿರ ಹತ್ತಿರ ಎರಡು ಟನ್. ಟೆರೇಸಿನ ಮೂಲೆಯಲ್ಲಿ ಎರಡು ಸಣ್ಣ ಕಾರು ನಿಲ್ಲಿಸಿದ್ದೆವು ಅಂದುಕೊಳ್ಳಿ. ಏನೂ ಆಗಲಿಲ್ಲ ಅಂದರೆ ಅದು ಕಟ್ಟಿದವರ ಪುಣ್ಯ.

ಈ ಸಲ ಮಿಶ್ರಣ ಬೇರೆ: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗಿಗೆ ಇದನ್ನು ಮೇಲೆ ಎರಡು ಇಂಚು ಬಿಟ್ಟು ತುಂಬಿ, ನೀರು ಹಾಕಿ, ನಮ್ಮ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟೆ. 19 ಕೆಜಿ. (ಯಂತ್ರ ತೊಳೆದುಕೊಟ್ಟ ಮೇಲೇ ಮನೆಯೊಳಗೆ ಸೇರಿಸಿದರು.)

ಒಂದು ಬ್ಯಾಗು ಹೆಚ್ಚು ಕಡಿಮೆ ಒಂದು ಚದರಡಿ ಹಿಡಿಯುತ್ತದೆ. ಅಂದರೆ ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟರೆ ಈ ಹಗುರ ಮಿಶ್ರಣದಲ್ಲೂ 14 ಕೆಜಿ ದಾಟುತ್ತದೆ. ಅದಕ್ಕೇ ಪತ್ರದಲ್ಲಿ "ಒಂದು ಬ್ಯಾಗಿಗೆ ಮೂರು ಚದರಡಿ ಜಾಗ" ಅಂತ ಬರೆದಿರುವುದು. ಆಗ ಚದರಡಿಗೆ ಸುಮಾರು ಆರೂಕಾಲು ಕೆಜಿ ಬೀಳುತ್ತದೆ. ಓಡಾಡುವವರಿಗೂ, ನೀರಿನ ಕ್ಯಾನಿಗೂ ಜಾಗ ಉಳಿಯುತ್ತದೆ. ಸಾಲುಗಳನ್ನು ಕೆಳಗೆ ಬೀಮ್ ಹೋಗಿರುವ ಗೆರೆಯ ಮೇಲೆ ಇಡಬೇಕು, ಎರಡು ಬೀಮಿನ ನಡುವೆ ಅಲ್ಲ. ಇಷ್ಟೆಲ್ಲಾ ಲೆಕ್ಕ ಹಾಕಿದರೂ ನಮ್ಮದು ಹಳೆಯ ಕಟ್ಟಡ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಬಂದು ನೋಡಿ ಬರೆದುಕೊಡುವ ತನಕ ಒಂದು ಬ್ಯಾಗೂ ಮೇಲೆ ಹೋಗಬಾರದು.

ನೀರಿನ ಡ್ರಮ್ ಒಂದು ಇಟ್ಟುಕೊಳ್ಳಬಹುದಾ?

200 ಲೀಟರ್ ಡ್ರಮ್ ತುಂಬಿದರೆ 200 ಕೆಜಿ, ಅದೂ ನಾಲ್ಕು ಚದರಡಿಯ ಒಳಗೆ. ಇಂಜಿನಿಯರ್ ತೋರಿಸಿದ ಕಂಬದ ತಲೆಯ ಮೇಲಾದರೆ ಸರಿ. ಇಲ್ಲವಾದರೆ ಬೇಡ.

ಸೋರುವುದಿಲ್ಲ ಅಂತ ಮೊದಲೇ ತಿಳಿಯುವುದು ಹೇಗೆ?

ನೀರು ನಿಲ್ಲಿಸಿ ನೋಡಬೇಕು. ವಾಟರ್‌ಪ್ರೂಫಿಂಗ್ ಮಾಡುವವರು ಇದಕ್ಕೆ ಪಾಂಡ್ ಟೆಸ್ಟ್ ಅನ್ನುತ್ತಾರೆ. ಬ್ಯಾಗು ಇಡುವ ಜಾಗದ ಸುತ್ತ ಸಿಮೆಂಟಿನಲ್ಲಿ ಸಣ್ಣ ಕಟ್ಟೆ ಕಟ್ಟಿ, ಪೈಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ತುಂಬಿ ಮೂರು ದಿನ ಬಿಡುವುದು. ಎರಡು ಇಂಚು ನೀರು ಚದರಡಿಗೆ ಐದು ಕೆಜಿಯೂ ಇಲ್ಲ, ಭಯ ಬೇಡ.

ಇಲ್ಲಿ ಸಾಮಾನ್ಯವಾಗಿ ಜಗಳ ಬರುವುದು "ನೀರು ಇಳಿದಿದೆ, ಸೋರಿರಬೇಕು" ಮತ್ತು "ಇಲ್ಲ, ಬಿಸಿಲಿಗೆ ಆರಿದೆ" ಅನ್ನುವುದರ ಮೇಲೆ. ಅದಕ್ಕೆ ಒಂದು ಸುಲಭದ ಉಪಾಯ ಇದೆ. ನೇರವಾದ ಗೋಡೆಯಿರುವ ಒಂದು ಪಾತ್ರೆ ತೆಗೆದುಕೊಳ್ಳಿ. ಅದರಲ್ಲೂ ಎರಡೇ ಇಂಚು ನೀರು ಹಾಕಿ ಪಕ್ಕದಲ್ಲೇ ಬಿಸಿಲಿಗೆ ಇಡಿ. ಪಾತ್ರೆಯಲ್ಲೂ ಟೆರೇಸಿನಲ್ಲೂ ಒಂದೇ ಅಷ್ಟು ಇಳಿದಿದ್ದರೆ ಆರಿದ್ದು. ಟೆರೇಸಿನಲ್ಲಿ ಮಾತ್ರ ಜಾಸ್ತಿ ಇಳಿದಿದ್ದರೆ ಎಲ್ಲೋ ದಾರಿ ಮಾಡಿಕೊಂಡಿದೆ.

ನೀರು ತುಂಬುವ ಮುಂಚೆ ನಾಲ್ಕನೇ ಮಹಡಿಯ ಆರೂ ಮನೆಯವರು ಸೀಲಿಂಗಿನ ಮೂಲೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಕಲೆ ಇದ್ದರೆ ಪೆನ್ಸಿಲಿನಲ್ಲಿ ಅದರ ಅಂಚಿಗೆ ಗೆರೆ ಎಳೆಯಿರಿ. ಮೂರು ದಿನ ಆದಮೇಲೂ, ಅದಾದ ಒಂದು ವಾರಕ್ಕೂ ಕಲೆ ಗೆರೆ ದಾಟಿದೆಯಾ ಅಂತ ನೋಡಬೇಕು. ನೀರು ಒಳಗಿನ ಇಟ್ಟಿಗೆ ಜಲ್ಲಿ ಪದರದಲ್ಲಿ ನಿಧಾನವಾಗಿ ಹರಡಿಕೊಂಡು ಕೆಳಗೆ ತಡವಾಗಿ ಕಾಣಿಸುವುದೂ ಉಂಟು. ಕಲೆ ಕಂಡ ಜಾಗದ ನೇರ ಮೇಲೆಯೇ ಬಿರುಕು ಇರುತ್ತದೆ ಅಂತಲೂ ಹೇಳಲಾಗುವುದಿಲ್ಲ.

ಟೆಸ್ಟ್ ಪಾಸಾದರೂ ಬ್ಯಾಗು ನೆಲಕ್ಕೆ ತಾಗಬಾರದು. ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಕೆಳಗೆ ಪೊರಕೆ ಆಡುವಷ್ಟು ಎತ್ತರದಲ್ಲಿ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇರಬೇಕು. ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ಅದೇ ನೆಲ ಕೊರೆಯುತ್ತದೆ.

ಬ್ಯಾಗುಗಳನ್ನು ಟೆರೇಸಿನ ಹಿಂಭಾಗದಲ್ಲೇ ಯಾಕೆ? ಮುಂದೆ ಬಿಸಿಲು ಚೆನ್ನಾಗಿದೆ.

ಬಿಸಿಲು ಮುಂದೆಯೇ ಜಾಸ್ತಿ, ಒಪ್ಪುತ್ತೇನೆ. ಆದರೆ ನಮ್ಮ ಟೆರೇಸಿನಿಂದ ನೀರು ಇಳಿಯುವ ಪೈಪು ಮೂರು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ 2009ರಿಂದ ಮಳೆ ನೀರು ಕೊಯ್ಲು ಕಡ್ಡಾಯ ಆಗಿದೆಯಲ್ಲ, ಹಾಗಾಗಿ ಮುಂದಿನ ಎರಡು ಪೈಪು ಫಿಲ್ಟರ್ ದಾಟಿ ನೇರ ಸಂಪ್ ಟ್ಯಾಂಕಿಗೆ ಹೋಗುತ್ತವೆ. ಗೊಬ್ಬರ ಹಾಕಿದ ಬ್ಯಾಗಿನಿಂದ ಚಹಾ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಅದು ಸಂಪ್‌ಗೆ ಸೇರಿದರೆ ಪಾತ್ರೆ ತೊಳೆಯುವುದು ಅದರಲ್ಲೇ. ಹಿಂದಿನ ಪೈಪು ಮಾತ್ರ ಹೊರಗಿನ ಚರಂಡಿಗೆ ಹೋಗುತ್ತದೆ, ಆ ಕಡೆಯ ಇಳಿಜಾರು ಮಾತ್ರ ತೋಟಕ್ಕೆ. ಆ ಪೈಪಿನ ಬಾಯಿಗೆ ಜಾಲರಿಯ ಜೊತೆಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ನೀರಿನ ಸರದಿಯವರು ದಿನಾ ಅದನ್ನು ಬಳಿದು ತೆಗೆಯಬೇಕು.

ಬೇಸಿಗೆಯಲ್ಲಿ ಕುಡಿಯುವುದಕ್ಕೇ ನೀರಿರುವುದಿಲ್ಲ. ಗಿಡಕ್ಕೆ ಎಲ್ಲಿಂದ?

ಸರಿಯಾದ ಪ್ರಶ್ನೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿದೆಯಲ್ಲ. ಹಾಗಾಗಿ ಕಾವೇರಿ ನೀರೂ ಬೇಡ, ಟ್ಯಾಂಕರ್ ನೀರೂ ಬೇಡ ಅಂತಲೇ ಪತ್ರದಲ್ಲಿ ಬರೆದೆ.

ಬಿರು ಬೇಸಿಗೆಯಲ್ಲಿ ಸೊಪ್ಪಿನ ಬ್ಯಾಗಿಗೆ ದಿನಕ್ಕೆ ಒಂದು ಲೀಟರ್, ಕಾಯಿ ಬಿಡುವ ಗಿಡಕ್ಕೆ ಎರಡು ಲೀಟರ್ ಬೇಕು. ನಮ್ಮ ಲೆಕ್ಕದಲ್ಲಿ 24 ಸೊಪ್ಪು, 24 ಕಾಯಿ, ಒಟ್ಟು 72 ಲೀಟರ್. ಅಂದರೆ 12 ಮನೆಗೆ ತಲಾ ಆರು ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ವಾಟರ್ ಪ್ಯೂರಿಫೈಯರಿನಿಂದ ಹೊರಗೆ ಬಿಡುವ ನೀರು ಸೇರಿದರೆ ಪ್ರತಿ ಮನೆಯಲ್ಲೂ ಅಷ್ಟು ಸಿಗುತ್ತದೆ. ಸೋಪು ಸೇರಿದ ನೀರು ಮಾತ್ರ ತರಬೇಡಿ.

ಪ್ಯೂರಿಫೈಯರ್ ನೀರಿನಲ್ಲಿ ಒಂದು ತೊಡಕಿದೆ. ಶುದ್ಧ ನೀರು ನಮಗೆ ಬಂದ ಮೇಲೆ ಉಳಿದ ಲವಣವೆಲ್ಲಾ ಆ ಬಿಸಾಡುವ ನೀರಿನಲ್ಲಿರುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿ. ಅದನ್ನೇ ದಿನಾ ಹಾಕಿದರೆ ಬ್ಯಾಗಿನ ಅಂಚಿನಲ್ಲಿ ಬಿಳಿ ಉಪ್ಪಿನ ಪುಡಿ ಕೂರುತ್ತದೆ, ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಮಣ್ಣು ಒದ್ದೆ ಇದ್ದರೂ ಗಿಡ ಬಾಡಿದ ಹಾಗಿರುತ್ತದೆ. ನೋಡಿದವರು ನೀರು ಸಾಲದು ಅಂತ ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ! ಅದಕ್ಕೆ ಅರ್ಧಕ್ಕರ್ಧ ತರಕಾರಿ ತೊಳೆದ ನೀರು ಬೆರೆಸಿಯೇ ಹಾಕಬೇಕು. ಉಪ್ಪು ಕಂಡ ಬ್ಯಾಗಿಗೆ ಹಿಡಿದಿಟ್ಟ ಮಳೆ ನೀರನ್ನು ಕೆಳಗಿನಿಂದ ಚೆನ್ನಾಗಿ ಹರಿಯುವ ತನಕ ಒಮ್ಮೆ ಹಾಕಬೇಕು. ಅದೂ ಸಾಲದ ಬೇಸಿಗೆ ಬಂದರೆ ಏಪ್ರಿಲ್, ಮೇನಲ್ಲಿ ಸೊಪ್ಪಿನ 24 ಬ್ಯಾಗು ಖಾಲಿ ಬಿಡೋಣ. ತೋಟಕ್ಕೂ ರಜೆ ಇರಲಿ.

ನಾಲ್ಕು ನಾಲ್ಕು ಬ್ಯಾಗು ಒಂದೊಂದು ಮನೆಗೆ ಹಂಚಿಬಿಟ್ಟರೆ ಸುಲಭ ಅಲ್ವಾ?

ನೋಡಲು ಸುಲಭ. ಆದರೆ ಟೆರೇಸ್ ಎಲ್ಲರದ್ದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಕೂಡ ಛಾವಣಿಯನ್ನು ಸಾಮಾನ್ಯ ಜಾಗಗಳ ಪಟ್ಟಿಯಲ್ಲೇ ಇಟ್ಟಿದೆ. ಇವತ್ತು "ನಮ್ಮ ಬ್ಯಾಗು" ಅಂದದ್ದು ಎರಡು ವರ್ಷಕ್ಕೆ "ನಮ್ಮ ಜಾಗ" ಆಗುತ್ತದೆ. ಮನೆ ಮಾರುವಾಗ ಅದನ್ನೂ ಸೇರಿಸಿ ಹೇಳುವವರು ಬರುತ್ತಾರೆ. ಇನ್ನೊಂದು, ಒಬ್ಬರು ಊರಿಗೆ ಹೋದರೆ ಅವರ ಬ್ಯಾಗಿನ ಬದನೆಗೆ ಹಿಟ್ಟು ತಿಗಣೆ ಹತ್ತಿ ಪಕ್ಕದವರ ಗಿಡಕ್ಕೂ ಬರುತ್ತದೆ. ಹುಳಕ್ಕೆ ಯಾವ ಬ್ಯಾಗು ಯಾರದ್ದು ಅಂತ ಗೊತ್ತಿರುವುದಿಲ್ಲ.

ಹಾಗಾದರೆ ಬಂದ ತರಕಾರಿ ಹಂಚುವುದು ಹೇಗೆ?

ಸೊಪ್ಪು ಸುಲಭ. 12 ಬ್ಯಾಗಿಗೆ ಒಂದು ಸಲ, 15 ದಿನ ಬಿಟ್ಟು ಇನ್ನು 12ಕ್ಕೆ ಬೀಜ ಹಾಕುತ್ತೇವೆ. ಮೆಂತ್ಯ 25ರಿಂದ 30 ದಿನಕ್ಕೆ ಬರುತ್ತದೆ. ಒಂದು ಬ್ಯಾಗಿಗೆ ಒಂದು ಸಣ್ಣ ಕಟ್ಟು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಮನೆಗೊಂದು ಕಟ್ಟು, ಸಮ ಪಾಲು. ದಂಟಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತರಬೇಕು ಅಂತಿದ್ದೇನೆ. ಅದನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಬೇರುಸಮೇತ ಕೀಳಬೇಡಿ.

ಕಷ್ಟ ಇರುವುದು ಕಾಯಿಯಲ್ಲಿ. ಎಂಟು ಬ್ಯಾಗು ಬದನೆಯಿಂದ ಒಂದು ಒಳ್ಳೆಯ ಭಾನುವಾರ 1.8 ಕೆಜಿ ಸಿಕ್ಕಿತು ಅಂದುಕೊಳ್ಳಿ. 12 ಮನೆಗೆ ಸಮವಾಗಿ ಹಂಚಿದರೆ ತಲಾ 150 ಗ್ರಾಂ. 150 ಗ್ರಾಂ ಬದನೆಕಾಯಿಯಲ್ಲಿ ಎಣ್ಣೆಗಾಯಿ ಆಗುತ್ತದಾ? ಎಲ್ಲರ ಫ್ರಿಜ್ಜಿನಲ್ಲೂ ಮೂರು ಮೂರು ಕಾಯಿ ಒಣಗುತ್ತವೆ ಅಷ್ಟೇ. ಅದಕ್ಕೇ ಕಾಯಿಗೆ ಸರದಿ. ಈ ಭಾನುವಾರ ಮೂರು ಮನೆಗೆ ತಲಾ 600 ಗ್ರಾಂ, ಮುಂದಿನ ಭಾನುವಾರ ಮುಂದಿನ ಮೂರು ಮನೆಗೆ. ನಾಲ್ಕು ವಾರಕ್ಕೆ ಎಲ್ಲರಿಗೂ ಒಂದು ಸುತ್ತು. ಟೊಮೆಟೊಗೆ ಅದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು. ಒಬ್ಬರಿಗೇ ಎರಡೂ ಬಂದು ಇನ್ನೊಬ್ಬರಿಗೆ ಏನೂ ಇಲ್ಲ ಅಂತ ಆಗಬಾರದಲ್ಲ.

ಒಂದು ವಾರ ಕಾಯಿ ಕಡಿಮೆ ಬಂದರೆ? ಆ ಮೂರು ಮನೆಯವರ ಅದೃಷ್ಟ ಅಷ್ಟೇ. ಗ್ರಾಂ ಲೆಕ್ಕ ಬರೆದಿಟ್ಟು ಮುಂದಿನ ವಾರ ಸರಿ ಮಾಡುವ ಕೆಲಸ ನನ್ನಿಂದ ಆಗದು.

ಭಾನುವಾರವೇ ಯಾಕೆ? ಅಡುಗೆಗೆ ಎರಡು ಮೆಣಸಿನಕಾಯಿ ಬೇಕಾದರೆ?

ಹಸಿಮೆಣಸಿನಕಾಯಿ, ಕರಿಬೇವಿಗೆ ನಿಯಮವೇ ಇಲ್ಲ. ಯಾವಾಗ ಬೇಕಾದರೂ ಕೈಗೆ ಬಂದಷ್ಟು ಕಿತ್ತುಕೊಳ್ಳಿ. ತೋಟಕ್ಕೆ ಸೇರದ 12 ಮನೆಯವರೂ ಕಿತ್ತುಕೊಳ್ಳಬಹುದು. ಅವರದ್ದೂ ಟೆರೇಸೇ.

ಉಳಿದದ್ದಕ್ಕೆ ಒಂದು ದಿನ ಗೊತ್ತು ಮಾಡದಿದ್ದರೆ ಬೇಗ ಏಳುವವರಿಗೆ ಎಲ್ಲಾ, ತಡವಾಗಿ ಏಳುವವರಿಗೆ ತೊಟ್ಟು. ಹೋದ ವರ್ಷ ಟೊಮೆಟೊ ವಿಷಯದಲ್ಲಿ ಎರಡು ಮನೆ ಮಾತು ಬಿಟ್ಟಿದ್ದು ಹಾಗೆಯೇ. ಯಾರು ಅಂತ ಬರೆಯುವುದಿಲ್ಲ, ಈಗ ಸರಿಹೋಗಿದ್ದಾರೆ.

ಬೆಂಡೆ ಮಾತ್ರ ಭಾನುವಾರಕ್ಕೆ ಕಾಯುವುದಿಲ್ಲ. ಎರಡು ದಿನ ಬಿಟ್ಟರೆ ನಾರಾಗುತ್ತದೆ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಕಾಯಿ ಬಿಡುವುದೂ ಕಡಿಮೆ ಆಗುತ್ತದೆ. ಹಾಗಾಗಿ ಆ ವಾರ ನೀರು ಹಾಕುವ ಎರಡು ಮನೆಯವರೇ ಬೆಂಡೆ ಕೊಯ್ದು ಇಟ್ಟುಕೊಳ್ಳಲಿ. ಅದು ಅವರ ಕೂಲಿ.

ಸರದಿಯ ವಾರ ಊರಿಗೆ ಹೋದರೆ?

ವಾರಕ್ಕೆ ಎರಡು ಮನೆ, ಅಂದರೆ ನಿಮ್ಮ ಸರದಿ ಬರುವುದು ಆರು ವಾರಕ್ಕೊಮ್ಮೆ. ಬೇರೆಯವರ ಜೊತೆ ನೀವೇ ಅದಲು ಬದಲು ಮಾಡಿಕೊಳ್ಳಿ. ಯಾರಿಗೂ ಹೇಳದೆ ಬಿಟ್ಟರೆ ಮುಂದಿನ ಹಂಚಿಕೆಯ ನಿಮ್ಮ ಪಾಲು ನೀರು ಹಾಕಿದವರಿಗೆ. ದಂಡ, ರಸೀದಿ ಅದೆಲ್ಲಾ ಇಲ್ಲ.

ಹುಳ ಬಂದರೆ ಔಷಧಿ ಹೊಡೆಯಬಹುದಾ?

ಅಂಗಡಿಯ ಕೀಟನಾಶಕ ಬೇಡವೇ ಬೇಡ. ನೀವು ಶುಕ್ರವಾರ ಹೊಡೆದದ್ದು ಗೊತ್ತಿಲ್ಲದೆ ಇನ್ನೊಬ್ಬರ ಮಗು ಶನಿವಾರ ಟೊಮೆಟೊ ಕಿತ್ತು ತಿಂದರೆ? ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಸಂಜೆ ಬಿಸಿಲು ಇಳಿದ ಮೇಲೆ, ಎಲೆಯ ಅಡಿಗೆ ಹೊಡೆಯಬೇಕು. ಹುಳ ಕೂರುವುದು ಅಲ್ಲೇ. ಭಾನುವಾರ ಸಂಜೆ, ಕೊಯ್ಲು ಮುಗಿದ ಮೇಲೆ ಹೊಡೆಯುವುದು ಅನುಕೂಲ.

ಟೊಮೆಟೊ ಎಲೆ ಮುದುಡಿ, ಚಿಕ್ಕದಾಗಿ, ಮೇಲಕ್ಕೆ ಸುರುಟಿಕೊಂಡರೆ ಅದು ಬಿಳಿ ನೊಣ ತಂದ ಎಲೆ ಮುದುಡು ರೋಗ. ಎಣ್ಣೆ ಹೊಡೆದರೂ ಆ ಗಿಡ ಸರಿಹೋಗುವುದಿಲ್ಲ. ಕಿತ್ತು ಚೀಲದಲ್ಲಿ ಕಟ್ಟಿ ಕೆಳಗೆ ಒಯ್ಯಿರಿ. ಕೀಳಲು ಯಾರ ಒಪ್ಪಿಗೆಯೂ ಬೇಡ.

ಸೊಳ್ಳೆ?

ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಸಲ ಚೆಲ್ಲಿದರೆ ಮರಿ ಬೆಳೆದು ಹಾರುವಷ್ಟು ದಿನ ಸಿಗುವುದಿಲ್ಲ. ಬುಧವಾರ ಮತ್ತು ಭಾನುವಾರ ಅಂತ ಇಟ್ಟುಕೊಳ್ಳೋಣ.

ಬಾಡಿಗೆ ಮನೆಯವರು ಸೇರಬಹುದಾ? ದುಡ್ಡು ಎಷ್ಟು?

ಖಂಡಿತ ಸೇರಬಹುದು. ನೀರು ಹಾಕುವವರು ಮುಖ್ಯ, ಮನೆ ಯಾರ ಹೆಸರಿನಲ್ಲಿದೆ ಅನ್ನುವುದು ಅಲ್ಲ. ಶುರುವಿಗೆ ಮನೆಗೆ 900 ರೂಪಾಯಿ, ಒಟ್ಟು 10,800. ಬ್ಯಾಗು, ಮಿಶ್ರಣ, ಬೀಜ ಇದರಲ್ಲೇ. ಸ್ಟ್ಯಾಂಡ್ ಹೊಸದಾಗಿ ಮಾಡಿಸಿದರೆ ಇದು ಸಾಲದು, ಅದಕ್ಕೆ ಗುಜರಿಯಲ್ಲಿ ಹಳೆಯದು ಹುಡುಕುತ್ತಿದ್ದೇನೆ. ಮನೆ ಖಾಲಿ ಮಾಡಿ ಹೋಗುವವರಿಗೆ ದುಡ್ಡು ವಾಪಸ್ ಇಲ್ಲ, ಅವರ ಜಾಗಕ್ಕೆ ಬಂದವರು ಹೊಸದಾಗಿ ಕೊಡಬೇಕಿಲ್ಲ. ಇಂಜಿನಿಯರ್ ಶುಲ್ಕವನ್ನು ಮಾತ್ರ ಸೊಸೈಟಿಯ ಮೇಂಟೆನೆನ್ಸ್ ಹಣದಿಂದ ಕೊಡಿ ಅಂತ ಕೇಳಿದ್ದೇನೆ. ತೋಟ ಆಗಲಿ ಬಿಡಲಿ, ಟೆರೇಸ್ ಹೇಗಿದೆ ಅಂತ ತಿಳಿಯುವುದು 24 ಮನೆಗೂ ಬೇಕು.

ನುಗ್ಗೆ, ಪಪ್ಪಾಯ, ನಿಂಬೆ ಒಂದೊಂದು ಹಾಕಬಹುದಾ?

ಇಲ್ಲ. ಅವಕ್ಕೆ ದೊಡ್ಡ ಡ್ರಮ್ ಬೇಕು, ಮತ್ತೆ ತೂಕಕ್ಕೇ ಬರುತ್ತೇವೆ. ಗಾಳಿಗೆ ಬಿದ್ದರೆ ಕೆಳಗೆ ಕಾರು ನಿಂತಿರುತ್ತವೆ. ಪ್ಯಾರಪೆಟ್ ಬಿರುಕಿನಲ್ಲಿ ತಾನಾಗಿ ಹುಟ್ಟುವ ಅರಳಿ ಸಸಿಯನ್ನೂ ಎರಡು ಎಲೆ ಇರುವಾಗಲೇ ಕೀಳಬೇಕು. ಅರಳಿ ಅಂತ ಕೀಳಲು ಮನಸ್ಸು ಬಾರದವರು ನನಗೆ ಹೇಳಿ, ಬೇರುಸಮೇತ ತೆಗೆದು ಪಾರ್ಕಿನ ಪಕ್ಕ ನೆಟ್ಟು ಬರುತ್ತೇನೆ.

ಯಾವಾಗ ಶುರು?

ಮೊದಲು ಸಭೆಯ ಒಪ್ಪಿಗೆ, ಆಮೇಲೆ ಇಂಜಿನಿಯರ್, ಆಮೇಲೆ ಪಾಂಡ್ ಟೆಸ್ಟ್. ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ ಮಾಡಿದರೆ ಪಾತ್ರೆಯ ಲೆಕ್ಕ ಕೆಡುವುದಿಲ್ಲ. ಎಲ್ಲಾ ಸರಿ ಇದ್ದರೆ ಜನವರಿಯಲ್ಲಿ ಸೊಪ್ಪಿನ 24 ಬ್ಯಾಗು ಮಾತ್ರ ಮೇಲೆ ಹೋಗುತ್ತವೆ. ಒಂದು ತಿಂಗಳು ನೋಡಿ ಉಳಿದದ್ದು. ಸಭೆಯ ದಿನ ಈ ಕಾಗದದ ಜೊತೆ ನಾಲ್ಕನೇ ಮಹಡಿಯ ಆರು ಮನೆಗಳ ಸಹಿಗೆ ಬೇರೆ ಹಾಳೆ ತರುತ್ತೇನೆ. ಆರರಲ್ಲಿ ಒಂದು ಸಹಿ ಬಾರದಿದ್ದರೂ ಆ ಮನೆಯ ಮೇಲಿನ ಜಾಗ ಬಿಟ್ಟು ಉಳಿದ ಕಡೆ ಎಷ್ಟು ಬ್ಯಾಗು ಹಿಡಿಯುತ್ತವೋ ಅಷ್ಟೇ.